ಮೋಟಾರ್ ತಡವಾಗಿ ಕೊಟ್ಟದ್ದಕ್ಕೆ ಬರೆದ ಸಾರಿ ಮೆಸೇಜು

ಫೆಬ್ರವರಿ ಕೊನೆಗೆ ರೋಬಸ್ಟಾ ಕಾಫಿ ಗಿಡದಲ್ಲಿ ಮೊಗ್ಗು ಬಲಿತಿತೆಂದರೆ, ಹೂ ಅರಳಿಸಲು ನೀರು ಹಾಯಿಸಬೇಕು, ಕೊಡಗಿನ ಪೊನ್ನಂಪೇಟೆ ಕಡೆ ಯಾರ ಸ್ಪ್ರಿಂಕ್ಲರ್ ಮೋಟಾರಿಗೂ ಬಿಡುವಿಲ್ಲ. ಆ ಹೊತ್ತಿನಲ್ಲಿ ಗೆಳೆಯನ ಮೋಟಾರನ್ನು ‘ಭಾನುವಾರ ಬೆಳಿಗ್ಗೆ ವಾಪಸ್’ ಎಂದು ತಂದು, ಸೋಮವಾರ ಸಂಜೆ ಡ್ರೈವರ್ ಕೈಲಿ ಪಿಕಪ್‌ನಲ್ಲಿ ಕಳಿಸಿದ್ದೆ. ಗೆಳೆಯ ಪೈಪ್ ಜೋಡಿಸಿ, ಇಬ್ಬರು ಆಳು ಕರೆಸಿ, ಭಾನುವಾರ ಇಡೀ ಕಾದಿದ್ದ. ಆ ರಾತ್ರಿ ನಾನು ಬರೆದ ಮೊದಲ ಕರಡು ಹೀಗಿತ್ತು:

“ಮಾರಾಯ, ತುಂಬ ತುಂಬ ಸಾರಿ. ನಿಂಗೆ ಬೇಜಾರಾಗಿದ್ರೆ ಕ್ಷಮಿಸಿಬಿಡು. ಶನಿವಾರ ಫುಟ್‌ವಾಲ್ವ್‌ಗೆ ಕಸ ಸಿಕ್ಕಿ ಎರಡು ಗಂಟೆ ಹೋಯ್ತು, ಕೆರೇಲಿ ನೀರೂ ಕಮ್ಮಿ, ಆಳು ಬೇರೆ ಬರ್ಲಿಲ್ಲ, ಆಮೇಲೆ ಫೋನ್ ಮಾಡೋಣ ಅಂದ್ರೆ ನೆಟ್‌ವರ್ಕ್ ಇಲ್ಲ, ನಿಂಗೊತ್ತಲ್ಲ ನಮ್ಮ ಮನೆ ಹತ್ರ. ಬೇಕು ಅಂತ ಮಾಡಿದ್ದಲ್ಲ, ದೇವರಾಣೆ. ನಾನೆಂಥ ಗೆಳೆಯ ಅಂತ ನಂಗೇ ನಾಚಿಕೆ ಆಗ್ತಿದೆ. ಎಷ್ಟು ದುಡ್ಡಾದ್ರೂ ಹೇಳು, ಕೊಡ್ತೀನಿ. ದಯವಿಟ್ಟು ರಿಪ್ಲೈ ಮಾಡು, ನಿದ್ದೆ ಬರ್ತಿಲ್ಲ.”

ಇದರಲ್ಲಿ ಕೊಟ್ಟ ಕಾರಣಗಳಲ್ಲಿ ಸುಳ್ಳು ಒಂದೂ ಇಲ್ಲ. ತೊಂದರೆ ಇರುವುದೂ ಅಲ್ಲೇ. ಕಸ, ನೀರು, ಆಳು, ನೆಟ್‌ವರ್ಕ್ ನಾಲ್ಕೂ ನಿಜ, ಆದರೆ ಮೋಟಾರ್ ತಡವಾದದ್ದು ಅವುಗಳಿಂದಲ್ಲ. ನಮ್ಮ ತೋಟದ ಒಂದು ಮೂಲೆ ಬಾಕಿ ಇದೆ ಎಂದು ಶನಿವಾರ ರಾತ್ರಿಯೇ ಗೊತ್ತಿತ್ತು. ಮುಗಿಸಿಕೊಂಡೇ ಕೊಡೋಣ ಎಂದು ಇಟ್ಟುಕೊಂಡೆ, ಹೇಳಲಿಲ್ಲ. ಕರಡಿನಲ್ಲಿ ಇಲ್ಲದ ಕಾರಣ ಇದೊಂದೇ. ನಾನು ಕಂಡ ಮಟ್ಟಿಗೆ, ಹೆದರಿ ಬರೆದ ಸಾರಿಯಲ್ಲಿ ಕಾರಣ ಹೆಚ್ಚಿದಷ್ಟೂ ಅಸಲು ತಪ್ಪು ಒಳಗೆ ಹೂತುಹೋಗಿರುತ್ತದೆ.

ತಿದ್ದುವಾಗ ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಹಾಕಿದೆ: ಇದು ಯಾರ ಬಗ್ಗೆ? ಅವನು ಕಾದದ್ದು, ಆಳುಗಳು ಸುಮ್ಮನೆ ಕೂತದ್ದು ಒಂದು ಕಡೆಯೂ ಬಂದಿರಲಿಲ್ಲ. ‘ನಾಚಿಕೆ’, ‘ನಿದ್ದೆ ಬರ್ತಿಲ್ಲ’ ಎರಡನ್ನೂ ತೆಗೆದೆ. ಅವನ್ನು ಓದಿದವನು ತನ್ನ ಸಿಟ್ಟು ಬದಿಗಿಟ್ಟು ನನ್ನನ್ನೇ ಸಮಾಧಾನ ಮಾಡಬೇಕಾಗುತ್ತದೆ.

ಆಮೇಲೆ ಕ್ರಿಯಾಪದ. ಕನ್ನಡದಲ್ಲಿ ಇದೊಂದು ದೊಡ್ಡ ಬಚ್ಚಿಟ್ಟುಕೊಳ್ಳುವ ಜಾಗ. ‘ಹೇಳೋಕಾಗ್ಲಿಲ್ಲ’, ‘ಲೇಟಾಗೋಯ್ತು’, ‘ತಪ್ಪಾಯ್ತು’ ಅಂದರೆ ತಪ್ಪು ಮಳೆ ಬಂದ ಹಾಗೆ ತಾನಾಗಿ ಬಂತು, ಮಾಡಿದವನು ಯಾರೂ ಇಲ್ಲ. ‘ಹೇಳಲಿಲ್ಲ’, ‘ಇಟ್ಕೊಂಡೆ’ ಅಂದಾಗ ಮಾತ್ರ ನಾನು ಕಾಣಿಸುತ್ತೇನೆ. ಬಾಯಿಮಾತಿನಲ್ಲಿ ‘ತಪ್ಪಾಯ್ತು ಕಣೋ’ ಸಾಕಾಗುತ್ತದೆ, ಮುಖ ಉಳಿದದ್ದನ್ನು ಹೇಳುತ್ತದೆ. ಬರಹದಲ್ಲಿ ಮುಖವಿಲ್ಲ.

‘ಬೇಜಾರಾಗಿದ್ರೆ’ ಎಂಬಲ್ಲಿನ ‘ರೆ’ ಇನ್ನೊಂದು. ಬೇಜಾರಾಗಿದೆಯೋ ಇಲ್ಲವೋ ಎಂದು ಅವನೇ ರುಜುವಾತು ಮಾಡಬೇಕೇನೋ ಎಂಬಂತೆ ಕೇಳಿಸುತ್ತದೆ. ‘ಕ್ಷಮಿಸಿಬಿಡು’ದಲ್ಲಿನ ‘ಬಿಡು’ ಈಗಲೇ ಮುಗಿಸು ಎಂದು ಅವಸರ ಮಾಡುತ್ತದೆ. ‘ಕ್ಷಮಿಸಿ’ ಎಂದು ಬಹುವಚನಕ್ಕೆ ಹೋದರೆ ಇಪ್ಪತ್ತು ವರ್ಷದ ಗೆಳೆಯ ನೆಂಟರ ಸಾಲಿಗೆ ಸೇರುತ್ತಾನೆ. ‘ಸಾರಿ’ಯೇ ಇರಲಿ, ಒಂದೇ ಸಲ ಇರಲಿ.

ದುಡ್ಡಿನ ಮಾತನ್ನೂ ಬದಲಿಸಿದೆ. ‘ಎಷ್ಟಾದ್ರೂ ಹೇಳು’ ಅಂದರೆ ಲೆಕ್ಕ ಹಾಕುವ ಮುಜುಗರ ಅವನಿಗೆ. ಹೋದದ್ದು ಇಬ್ಬರ ಒಂದು ದಿನದ ಕೆಲಸ. ಅಷ್ಟನ್ನೇ, ಅದೇ ರೂಪದಲ್ಲಿ ಕೊಡುವುದು ಸರಿ. ಹೂ ಬಂದ ಮೇಲೆ ಬ್ಯಾಕಿಂಗ್ ಎಂದು ಎರಡನೇ ಸಲ ನೀರು ಹಾಕುವಾಗ ಪೈಪ್ ಬದಲಾಯಿಸಲು ಹೇಗೂ ಕೈ ಬೇಕು.

ಕೊನೆಗೆ ಕಳಿಸಿದ್ದು:

“ಮಾರಾಯ, ಭಾನುವಾರ ಮೋಟಾರ್ ಕೊಡ್ತೀನಿ ಅಂದು ಕೊಡಲಿಲ್ಲ. ನಮ್ದು ಮುಗಿಸ್ಕೊಳ್ಳೋಣ ಅಂತ ಇಟ್ಕೊಂಡೆ, ಶನಿವಾರ ರಾತ್ರಿಯೇ ಗೊತ್ತಿದ್ರೂ ನಿಂಗೆ ಹೇಳಲಿಲ್ಲ. ನೀನು ಪೈಪ್ ಜೋಡಿಸಿ ಇಬ್ಬರನ್ನ ಕೂರಿಸ್ಕೊಂಡು ಇಡೀ ದಿನ ಕಾದೆ. ಸಾರಿ. ಬ್ಯಾಕಿಂಗ್ ದಿನ ನಮ್ಮ ಇಬ್ಬರು ಆಳು ನಿಮ್ಮ ತೋಟಕ್ಕೆ ಬರ್ತಾರೆ, ಕೂಲಿ ನಂದು. ಬುಧವಾರ ಸಂಜೆ ಮನೆಗೆ ಬರ್ತೀನಿ, ಬೇಡ ಅಂದ್ರೆ ಹೇಳು.”

ಫುಟ್‌ವಾಲ್ವ್ ಕತೆ ಹೋಯಿತು. ಕಾರಣ ಪೂರ್ತಿ ಬೇಡವೆಂದಲ್ಲ, ನಿಜವಾದದ್ದು ಒಂದು ಉಳಿದಿದೆ, ಅದೂ ನನಗೆ ಅನುಕೂಲವಾಗುವಂಥದ್ದಲ್ಲ. ಅವನು ಕೇಳಿದರೆ ಉಳಿದದ್ದನ್ನು ಎದುರಿಗೆ ಹೇಳಬಹುದು.

ತಿದ್ದುವ ಕೆಲಸವನ್ನು ವಾಟ್ಸಾಪ್ ಚಾಟ್‌ನಲ್ಲೇ ಮಾಡಬಾರದು. ಅವನು ತೆರೆದು ನೋಡುತ್ತಿದ್ದರೆ ಅರ್ಧ ಗಂಟೆ ಆಗಾಗ typing… ಕಾಣಿಸುತ್ತದೆ, ಬರುವುದು ಆರು ಸಾಲು. ಕಳಿಸಿ ಅಳಿಸಿದರೂ ಅಳಿಸಿದ ಗುರುತು ಉಳಿಯುತ್ತದೆ. ನೋಟ್ಸ್‌ನಲ್ಲಿ ಬರೆದು ತಂದು ಅಂಟಿಸಿದೆ. ನೀಲಿ ಟಿಕ್ ಬಂದು ಉತ್ತರ ಬರದಿದ್ದಾಗ ಇನ್ನೊಂದು ಸಾಲು ಸೇರಿಸಲು ಕೈ ತುರಿಸುತ್ತದೆ. ಸೇರಿಸಿದರೆ ತೆಗೆದುಹಾಕಿದ ಕರಡೇ ಕಂತಿನಲ್ಲಿ ಹೋದಂತೆ.

ಉತ್ತರ ಬಂದದ್ದು ಮರುದಿನ ಮಧ್ಯಾಹ್ನ: “ಸಕ್ಷನ್ ಪೈಪ್ ಕ್ಲಿಪ್ ಎಲ್ಲಿ?” ಇದಕ್ಕೆ ಉತ್ತರ ಕ್ಲಿಪ್ ಬಗ್ಗೆಯೇ ಇರಬೇಕು. “ನಮ್ಮ ಶೆಡ್‌ನಲ್ಲಿದೆ, ಬುಧವಾರ ತರ್ತೀನಿ” ಎಂದು ಬರೆದೆ.