ಹೂಡಿಕೆದಾರರು ಬೇಡ ಎಂದ ಮೇಲೆ ಬರೆದ ಪತ್ರ: ನನ್ನ ಅನುಭವ

"ಬೇಡ ಅಂದವರಿಗೆ ಮತ್ತೆ ಕಾಗದ ಬರೆಯೋದು ಎಂತಕ್ಕೆ ಮಾರಾಯ?" ಎಂದು ಶಿರಸಿಯ ಗೆಳೆಯರೆಲ್ಲ ಕೇಳಿದ್ದರು. ಈ ವರ್ಷ ಅದೇ ಕಾಗದದ ದಾರಿಯಿಂದ ಸುಮಾರು 25 ಲಕ್ಷ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಅಪ್ಪೆಮಿಡಿ ಉಪ್ಪಿನಕಾಯಿಯ ಉದ್ಯಮ. ನಾವು ಕೇಳಿದ್ದು 40 ಲಕ್ಷ. ಬೆಂಗಳೂರಿನ ಹೂಡಿಕೆದಾರರೊಬ್ಬರು ಎರಡು ಸಲ ಕೂತು ಲೆಕ್ಕ ನೋಡಿ, ಕೊನೆಗೆ "ಸದ್ಯಕ್ಕೆ ಬೇಡ, ಸಂಪರ್ಕದಲ್ಲಿರಿ" ಎಂದು ಇಮೇಲ್ ಕಳಿಸಿದರು. ಅಷ್ಟರಲ್ಲಿ ಓಡಾಟ, ಸ್ಯಾಂಪಲ್, ಸಿಎ ಫೀಸು ಎಲ್ಲ ಸೇರಿ ಒಂದೂವರೆ ಲಕ್ಷದ ಹತ್ತಿರ ಕೈಬಿಟ್ಟಿತ್ತು.

ಮುಂಚೆ ಬೇರೆಯವರು ಬೇಡ ಅಂದಾಗ "ದಯವಿಟ್ಟು ನಿಮ್ಮ ಅಭಿಪ್ರಾಯ ತಿಳಿಸಿ" ಎಂದು ಬರೆದು ನೋಡಿದ್ದೆ. ಬಂದದ್ದು ಬರೀ ಶುಭಾಶಯ. ಒಬ್ಬರಿಗೆ ಪತ್ರದ ಜೊತೆ ಮಿಡಿ ಬಾಟಲಿಯನ್ನೂ ಕಳಿಸಿದೆ. ಅವರು ರುಚಿ ಹೊಗಳಿದರು, ವ್ಯವಹಾರದ ಮಾತೆತ್ತಲಿಲ್ಲ. ಕಾರಣ ಹೇಳಿದರೆ ವಾದಕ್ಕೆ ಬರುತ್ತಾನೆ ಎಂಬ ಅಂಜಿಕೆ ಅವರಿಗೆಲ್ಲ ಇರುತ್ತದೆ. ಅದನ್ನು ಮೊದಲು ಕಳೆಯಬೇಕು.

ಹಾಗಾಗಿ ಈ ಸಲ ಮರುದಿನ ಬೆಳಿಗ್ಗೆಯೇ, ಅವರ ಇಮೇಲಿಗೇ ಉತ್ತರವಾಗಿ ಇಷ್ಟೇ ಬರೆದೆ:

"ಸಮಯ ಕೊಟ್ಟು, ಸ್ಪಷ್ಟ ಉತ್ತರವನ್ನೂ ಕೊಟ್ಟಿದ್ದಕ್ಕೆ ಧನ್ಯವಾದ. ತೀರ್ಮಾನ ಬದಲಿಸಿ ಎಂದು ಕೇಳುತ್ತಿಲ್ಲ. ಒಂದೇ ಪ್ರಶ್ನೆ: ಮಾರಾಟದ ಪ್ರಮಾಣ, ಲಾಭದ ಪ್ರಮಾಣ, ದಾಸ್ತಾನಿನಲ್ಲಿ ಸಿಕ್ಕಿಬೀಳುವ ದುಡ್ಡು, ಈ ಮೂರರಲ್ಲಿ ನಿಮಗೆ ಅಡ್ಡ ಬಂದದ್ದು ಯಾವುದು? ಒಂದು ಪದ ಸಾಕು. ಮೂರು ತಿಂಗಳಿಗೊಮ್ಮೆ ನಮ್ಮ ಲೆಕ್ಕವನ್ನು ಐದು ಸಾಲಿನಲ್ಲಿ ಕಳಿಸಬಹುದೇ?"

ಸಂಜೆಯೊಳಗೆ "ದಾಸ್ತಾನು, ಕಳಿಸಿ" ಎಂದು ಬಂತು. ನಾನು ವಾದಿಸಲಿಲ್ಲ, ಹತ್ತು ನಿಮಿಷ ಫೋನಿನಲ್ಲಿ ಸಿಗುತ್ತೀರಾ ಎಂದೆ. ಅಲ್ಲಿ ಕೇಳಿದ ಎರಡನೇ ಪ್ರಶ್ನೆಯನ್ನು ಇಲ್ಲಿ ಬಿಚ್ಚಿಡುವುದಿಲ್ಲ, ಅದು ನನ್ನ ಬಂಡವಾಳ. ಅವರು ಹೇಳಿದ್ದು ಮಾತ್ರ ಚಿನ್ನದಂಥ ಮಾತು. ಮಿಡಿ ಸಿಗುವುದು ಬೇಸಿಗೆಯ ಕೆಲವೇ ವಾರ; ಆಗ ಕೊಂಡು ಉಪ್ಪಿನಲ್ಲಿ ಹಾಕಿಟ್ಟದ್ದು ವರ್ಷವಿಡೀ ಮಾರಾಟ. ಅಷ್ಟು ಕಾಲ ದುಡ್ಡು ಭರಣಿಯಲ್ಲೇ ಇರುತ್ತದೆ. ಪ್ರತಿ ವರ್ಷ ತಿರುಗಿ ಬರುವ ಆ ದುಡ್ಡಿಗೆ ಕಂಪನಿಯ ಪಾಲು ಮಾರುವುದೇಕೆ, ಬೇಕಾದಾಗ ತೆಗೆದು, ಮಾರಾಟದ ದುಡ್ಡು ಬಂದಂತೆ ಕಟ್ಟುವ ಬ್ಯಾಂಕಿನ ಸಿಸಿ ಸಾಲ ಸಾಲದೇ ಎಂದರು.

ಸುಮಾರು 12 ಲಕ್ಷದ ಸಿಸಿ ಮಾಡಿಸಿದೆ. ಹೂಡಿಕೆದಾರರಿಂದ ಕೇಳುವ ಮೊತ್ತವನ್ನು ಯಂತ್ರ ಮತ್ತು ಮಾರಾಟದ ಜನಕ್ಕೆ ಬೇಕಾದಷ್ಟಕ್ಕೆ ಇಳಿಸಿದೆ. ಮೂರು ತಿಂಗಳಿಗೊಮ್ಮೆ ಐದು ಸಾಲು ಹೋಯಿತು: ಮಾರಾಟ, ಕೈಲಿರುವ ದುಡ್ಡು, ಉಳಿದ ದಾಸ್ತಾನು, ಆದ ತೊಂದರೆ, ಅವರ ಸಲಹೆಯಿಂದ ಬದಲಾದದ್ದು. ಮಾರಾಟ ಬಿದ್ದ ಮಳೆಗಾಲದಲ್ಲೂ ತಪ್ಪಿಸಲಿಲ್ಲ. ವರ್ಷ ದಾಟಿದ ಮೇಲೆ ಅವರೇ ಫೋನ್ ಮಾಡಿ, ಆಹಾರೋದ್ಯಮದಲ್ಲಿ ದುಡ್ಡು ಹಾಕುವ ಪರಿಚಿತರೊಬ್ಬರ ಜೊತೆ ಮಾತಾಡಿಸಿದರು. ಹಾಕಿದವರು ಆ ಪರಿಚಿತರೇ.

ಇದು ಲೆಕ್ಕ ನೋಡಿ ಬೇಡ ಎಂದವರಿಗೆ ಮಾತ್ರ ನಡೆಯುತ್ತದೆ. ಭೇಟಿಯೇ ಕೊಡದವರಲ್ಲಿ, ಅಥವಾ "ಆಹಾರೋದ್ಯಮಕ್ಕೆ ನಾವು ಹಾಕುವುದಿಲ್ಲ" ಎನ್ನುವವರಲ್ಲಿ ಕಾರಣ ಕೇಳಿ ಪ್ರಯೋಜನವಿಲ್ಲ. ಅಂಥವರಿಗೆ ಎರಡು ಸಾಲಿನ ಧನ್ಯವಾದ ಬರೆದು, ಇಂಥದ್ದಕ್ಕೆ ಹಾಕುವವರು ಯಾರಾದರೂ ಗೊತ್ತೇ ಎಂದಷ್ಟೇ ಕೇಳುತ್ತೇನೆ.