23 ಸಾಲು, 6 ಕಾಲಂ: ಕೆರೆಗಳ ಓದನ್ನು ಒಂದು ಕೋಷ್ಟಕಕ್ಕೆ ತಂದದ್ದು

ನನ್ನ ಪಿಎಚ್‌ಡಿ ವಿಷಯ ದಕ್ಷಿಣ ಕರ್ನಾಟಕದ ಕೆರೆಗಳು. ಕೆರೆಗಳು ಯಾಕೆ ಹಾಳಾದವು ಎನ್ನುವುದರ ಬಗ್ಗೆ ಈವರೆಗೆ ಯಾರು ಏನು ಬರೆದಿದ್ದಾರೆ ಅಂತ ಒಂದು ಅಧ್ಯಾಯ ಬರೆಯಬೇಕಿತ್ತು. ಬರೆದೆ. 31 ಪುಟ. ಗೈಡ್ ಮೇಡಂ ಅದನ್ನು ಓದಿ ಪಕ್ಕಕ್ಕಿಟ್ಟು, "ಇದು ರಿವ್ಯೂ ಅಲ್ಲಮ್ಮ, ಅಂಗಡಿ ಸಾಮಾನಿನ ಚೀಟಿ" ಅಂದರು. ನೋಡಿದರೆ ಹೌದು. ಒಂದೊಂದು ಪ್ಯಾರಾ ಒಬ್ಬೊಬ್ಬ ಲೇಖಕರ ಹೆಸರಿನಿಂದ ಶುರುವಾಗುತ್ತಿತ್ತು. ಇವರು ಹೀಗಂದರು, ಅವರು ಹಾಗಂದರು, ಮುಗೀತು. ಇವರಿಬ್ಬರೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರಾ, ಅವರ ನಡುವೆ ಜಗಳ ಇದೆಯಾ, ಅದು ಎಲ್ಲೂ ಇರಲಿಲ್ಲ.

"ಒಂದು ಸಿಂಥೆಸಿಸ್ ಮ್ಯಾಟ್ರಿಕ್ಸ್ ಮಾಡು. ಮೂಲಗಳು ಸಾಲಲ್ಲಿ, ವಿಷಯಗಳು ಕಾಲಂನಲ್ಲಿ" ಅಂತ ಅವರೇ ಹೇಳಿದರು. ಒಂದು ಸಂಜೆಯ ಕೆಲಸ ಅಂದುಕೊಂಡೆ. ಐದು ವಾರ ಹಿಡಿಯಿತು.

ಮೊದಲ ತೊಂದರೆ ಅಂದರೆ ನನ್ನ ಟಿಪ್ಪಣಿಗಳು ಊರೆಲ್ಲಾ ಹರಡಿದ್ದವು. ಎರಡು ನೋಟ್‌ಬುಕ್, ಜೆರಾಕ್ಸ್ ಪ್ರತಿಗಳ ಅಂಚು, ಪಿಡಿಎಫ್‌ನಲ್ಲಿ ಹಳದಿ ಬಳಿದ ಸಾಲುಗಳು, ಲೈಬ್ರರಿಯಲ್ಲಿ ಫೋನಿನಿಂದ ತೆಗೆದ ಪುಟಗಳ ಫೋಟೊ, ಜೊತೆಗೆ ವಾಟ್ಸಾಪ್‌ನಲ್ಲಿ ನನಗೆ ನಾನೇ ಕಳಿಸಿಕೊಂಡ ಸಂದೇಶಗಳು. ಇವನ್ನು ನೇರವಾಗಿ ಕೋಷ್ಟಕಕ್ಕೆ ಸುರಿಯಲು ಹೋಗಿ ಎರಡು ದಿನ ಕಳೆದುಕೊಂಡೆ. ಒಂದು ಟಿಪ್ಪಣಿಯಲ್ಲಿ ನಾಲ್ಕು ಸಂಗತಿ ಇದ್ದರೆ ಅದನ್ನು ಯಾವ ಚೌಕಕ್ಕೆ ಹಾಕೋದು?

ಹಾಗಾಗಿ ನಡುವೆ ಇನ್ನೊಂದು ಮೆಟ್ಟಿಲು ಮಾಡಿಕೊಂಡೆ. ಒಂದು ಬೇರೆ ಶೀಟ್ ತೆರೆದು ಎಲ್ಲ ಟಿಪ್ಪಣಿಯನ್ನೂ ಚೀಟಿಗಳಾಗಿ ಒಡೆದೆ. ಒಂದು ಸಾಲಿಗೆ ಒಂದೇ ಸಂಗತಿ. ಪ್ರತಿ ಚೀಟಿಗೂ ಮೂಲದ ಗುರುತು (`Shah2003`, `Mosse1999` ಹೀಗೆ), ಪುಟ ಸಂಖ್ಯೆ, ಮತ್ತೆ ಒಂದು ಅಕ್ಷರ. ಲೇಖಕರ ಮಾತನ್ನು ಹಾಗೇ ಇಳಿಸಿದ್ದರೆ 'ಉ', ನನ್ನ ಮಾತಿನಲ್ಲಿ ಸಾರ ಬರೆದಿದ್ದರೆ 'ಸಾ', ನನಗೇ ಹೊಳೆದದ್ದಾದರೆ 'ನಾ'. ಈ ಒಂದಕ್ಷರ ನನ್ನ ಮಾನ ಉಳಿಸಿತು. ವಾಟ್ಸಾಪ್ ಸಂದೇಶಗಳಲ್ಲಿ ಲೇಖಕರು ಹೇಳಿದ್ದು ಅಂತ ನಾನು ನಂಬಿದ್ದ ಎಷ್ಟೋ ಮಾತು, ಪುಸ್ತಕ ತೆಗೆದು ನೋಡಿದರೆ ನನ್ನದೇ ಅನಿಸಿಕೆ. ಪುಟ ಸಂಖ್ಯೆ ಸಿಗದ ಚೀಟಿಗಳನ್ನು ಕೆಂಪು ಮಾಡಿದೆ. ಮತ್ತೆ ಮೂಲಕ್ಕೆ ಹೋಗಿ ಪುಟ ಹುಡುಕುವವರೆಗೂ ಅವಕ್ಕೆ ಕೋಷ್ಟಕದಲ್ಲಿ ಜಾಗ ಇಲ್ಲ.

ಆಮೇಲೆ ಕಾಲಂಗಳು. ಮೊದಲ ಸಲ 11 ಕಾಲಂ ಹಾಕಿದೆ: ಇತಿಹಾಸ, ಆಡಳಿತ, ಹೂಳು, ಬಾವಿ, ಜಾತಿ, ಒತ್ತುವರಿ, ಮಳೆ, ಹೀಗೆ. ಐದು ಮೂಲಗಳನ್ನು ಮಾತ್ರ ತುಂಬಿ ನೋಡಿದೆ. ಎಲ್ಲ 23 ತುಂಬಿದ ಮೇಲೆ ಕಾಲಂ ಬದಲಾಯಿಸುವುದು ಅಂದರೆ ಮನೆ ಕಟ್ಟಿದ ಮೇಲೆ ಪಾಯ ಸರಿಸಿದ ಹಾಗೆ. ಈ ಐದರಲ್ಲೇ ತಪ್ಪು ಕಂಡಿತು. 'ಇತಿಹಾಸ' ಕಾಲಂ ಉಕ್ಕಿ ಹರಿಯುತ್ತಿತ್ತು, ಎಲ್ಲವೂ ಅದರೊಳಗೇ. 'ಮಳೆ' ಕಾಲಂನಲ್ಲಿ ಐದರಲ್ಲಿ ನಾಲ್ಕು ಖಾಲಿ. 'ಬಾವಿ' ಕಾಲಂ ನೋಡಲು ಚೆಂದವಾಗಿ ತುಂಬಿತ್ತು, ಆದರೆ ಚೌಕದೊಳಗೆ ಇದ್ದದ್ದು "ಬಾವಿಗಳ ಬಗ್ಗೆ ಹೇಳಿದ್ದಾರೆ", "ಬೋರ್‌ವೆಲ್ ಹೆಚ್ಚಳ" ಇಂಥ ಮಾತು. ಇದರಿಂದ ಏನು ಬರೆಯಲಿ?

ತಪ್ಪು ತಲೆಬರಹದಲ್ಲಿತ್ತು. 'ಬಾವಿ' ಅನ್ನುವುದು ಬರೀ ಒಂದು ಪದ, ಅದಕ್ಕೆ ಯಾರೂ ಹೌದು ಅಲ್ಲ ಅನ್ನಲಾಗದು. ಅದನ್ನು ಪ್ರಶ್ನೆ ಮಾಡಿದೆ: "ಬಾವಿ ಹೆಚ್ಚಾದದ್ದರಿಂದ ಕೆರೆ ಹಾಳಾಯಿತೋ, ಕೆರೆ ಹಾಳಾದದ್ದರಿಂದ ಬಾವಿ ಹೆಚ್ಚಿತೋ?" ತಕ್ಷಣ ಚೌಕಗಳು ಬಾಯಿ ಬಿಟ್ಟವು. ಸ್ವಂತ ಬಾವಿ ಇದ್ದವನಿಗೆ ಕೆರೆಯ ಹೂಳೆತ್ತುವ ಕೆಲಸದಲ್ಲಿ ಆಸಕ್ತಿ ಹೋಯಿತು ಅನ್ನುವವರು ಒಂದು ಕಡೆ. ಕೆರೆ ನೀರನ್ನು ನಂಬಲಾಗದೆ ರೈತ ಬಾವಿ ತೋಡಿದ ಅನ್ನುವವರು ಇನ್ನೊಂದು ಕಡೆ. ಕೆರೆಯಲ್ಲಿ ನೀರು ನಿಂತರೆ ಅಚ್ಚುಕಟ್ಟಿನ ಬಾವಿಗೂ ಜಲ, ಹಾಗಾಗಿ ಎರಡನ್ನೂ ಬೇರೆ ಮಾಡಲೇಬಾರದು ಅನ್ನುವವರೂ ಇದ್ದಾರೆ. ಮೂರೂ ಬಗೆಯವರನ್ನು ನಾನು ಮೊದಲ ಡ್ರಾಫ್ಟ್‌ನಲ್ಲಿ "ಬಾವಿಗಳ ಪರಿಣಾಮವನ್ನು ಚರ್ಚಿಸಿದ್ದಾರೆ" ಅಂತ ಒಂದೇ ಚೀಲಕ್ಕೆ ತುಂಬಿದ್ದೆ.

ಕೊನೆಗೆ ಉಳಿದದ್ದು ಆರು ಪ್ರಶ್ನೆ. ಹಾಳಾದದ್ದನ್ನು ಯಾವುದರಿಂದ ಅಳೆದರು? ಹಿಂದಿನ ಕಾಲ ಹೇಗಿತ್ತು ಅನ್ನುತ್ತಾರೆ? ಸರ್ಕಾರ ಏನು ಮಾಡಿತು? ಬಾವಿಯ ಪ್ರಶ್ನೆ. ನೀರು ಹಂಚಿದವರು ಯಾರು? ಹೂಳು ತೆಗೆದರೆ ಸಾಕೇ? ಇವಕ್ಕೆ ಮುಂಚೆ, ಎಡಕ್ಕೆ ಅಂಟಿಕೊಂಡ ಹಾಗೆ, ವಿಷಯವಲ್ಲದ ಎರಡು ಕಾಲಂ: ಮೂಲದ ಗುರುತು ಮತ್ತು 'ಎಲ್ಲಿ, ಯಾವ ಕಾಲ, ಯಾವ ಆಧಾರ'. ಆ ಎರಡನೇ ಕಾಲಂ ಸುಮ್ನೆ ಹಾಕಿದ್ದು. ಆಮೇಲೆ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಅದೇ.

ಚೌಕಕ್ಕೆ ನಾನು ಹಾಕಿಕೊಂಡ ನಿಯಮ ಚಿಕ್ಕದು. ನನ್ನ ಮಾತಿನಲ್ಲಿ ಎರಡು ವಾಕ್ಯ, ಕೊನೆಗೆ ಪುಟ ಸಂಖ್ಯೆ. ಉದ್ಧರಣೆ ಚೀಟಿಗಳ ಶೀಟಿನಲ್ಲೇ ಇರಲಿ. ಉತ್ತರ ಇಲ್ಲದಿದ್ದರೆ ಖಾಲಿ ಬಿಡುವ ಹಾಗಿಲ್ಲ. ಖಾಲಿ ಚೌಕಕ್ಕೆ ಎರಡು ಅರ್ಥ ಇದೆ ನೋಡಿ: ಲೇಖಕರು ಆ ಮಾತೇ ಎತ್ತಿಲ್ಲ, ಅಥವಾ ನಾನು ಆ ಭಾಗ ಓದೇ ಇಲ್ಲ. ಮೊದಲನೆಯದಕ್ಕೆ `-`, ಎರಡನೆಯದಕ್ಕೆ `?` ಹಾಕಿದೆ.

ಎಷ್ಟು `?` ಬಾಕಿ ಇದೆ ಅಂತ ಎಣಿಸಲು ಸೂತ್ರ ಹಾಕಿದಾಗ ಒಂದು ತಮಾಷೆ ಆಯಿತು. `=COUNTIF(D2:D24,"?")` ಅಂತ ಬರೆದೆ. ಆ ಕಾಲಂನಲ್ಲಿ 13 ಬಾಕಿ ಅಂತ ತೋರಿಸಿತು. ಕಣ್ಣಿನಿಂದ ಎಣಿಸಿದರೆ ಐದೇ ಇವೆ. ಶೀಟ್‌ನಲ್ಲಿ ಪ್ರಶ್ನೆ ಚಿಹ್ನೆ ಅಂದರೆ 'ಯಾವುದಾದರೂ ಒಂದು ಅಕ್ಷರ' ಅಂತ ಅರ್ಥವಂತೆ, ಅದಕ್ಕೇ ನನ್ನ ಎಂಟು `-` ಕೂಡ ಲೆಕ್ಕಕ್ಕೆ ಸೇರಿದ್ದವು. ಮುಂದೆ ಒಂದು ಅಲೆ ಗುರುತು ಹಾಕಬೇಕು:

```
=COUNTIF(D2:D24,"~?")
```

ತುಂಬಿದ ಮೇಲೆ ಅಡ್ಡಡ್ಡ ಓದುವುದನ್ನು ಬಿಟ್ಟೆ. ಅಡ್ಡ ಓದಿದರೆ ಮತ್ತೆ ಒಬ್ಬೊಬ್ಬ ಲೇಖಕರ ಕಥೆಯೇ. ಒಂದು ಕಾಲಂ ಬಿಟ್ಟು ಉಳಿದ ಪ್ರಶ್ನೆಗಳನ್ನೆಲ್ಲ ಮರೆಮಾಡಿ ಮೇಲಿಂದ ಕೆಳಕ್ಕೆ ಓದಿದೆ. 'ಹಿಂದಿನ ಕಾಲ' ಕಾಲಂ ತೆಗೆದುಕೊಳ್ಳಿ. ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ಸಂಪಾದಿಸಿದ 1997ರ 'ಡೈಯಿಂಗ್ ವಿಸ್ಡಮ್' ಹೇಳುವುದು: ಊರ ಜನ ನೀರಿನ ವ್ಯವಸ್ಥೆ ನೋಡಿಕೊಳ್ಳುತ್ತಿದ್ದರು, ಬ್ರಿಟಿಷ್ ಆಡಳಿತ ಬಂದು ಅದು ಮುರಿಯಿತು. ಡೇವಿಡ್ ಮಾಸ್ ತಮಿಳುನಾಡಿನ ಕೆರೆಗಳನ್ನು ನೋಡಿ ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಕೆರೆಗಳು ಅರಸರ, ಪಾಳೆಯಗಾರರ ಅಧಿಕಾರಕ್ಕೆ ಅಂಟಿಕೊಂಡಿದ್ದವು. 'ಊರೇ ದುರಸ್ತಿ ಮಾಡುವ ಪದ್ಧತಿ' ಎಂಬ ಚಿತ್ರ ರೂಪುಗೊಂಡದ್ದರಲ್ಲಿ ಬ್ರಿಟಿಷ್ ಅಧಿಕಾರಿಗಳ ಕೈಯೂ ಇದೆ. ಇಷಾ ಶಾ ನಮ್ಮ ಕರ್ನಾಟಕದ ಕೆರೆಗಳ ಬಗ್ಗೆ ಬರೆಯುತ್ತಾ, ಆ ಕಾಲ ಸುವರ್ಣ ಯುಗವೇನಲ್ಲ, ಕೆರೆ ಕಟ್ಟಿದ್ದರಲ್ಲಿ ಬಲವಂತದ ದುಡಿಮೆ ಇತ್ತು ಅನ್ನುತ್ತಾರೆ. ಅದಕ್ಕೆ ಜನಪದ ಹಾಡುಗಳನ್ನೂ ಆಧಾರ ಮಾಡಿಕೊಳ್ಳುತ್ತಾರೆ.

ಆ ಕಾಲಂನ ಕೆಳಗೆ "ಸುವರ್ಣ ಯುಗ ಒಪ್ಪದವರು: 3 ಮೂಲ" ಅಂತ ಬರೆದು ಖುಷಿಪಟ್ಟೆ. ಆಮೇಲೆ 'ಎಲ್ಲಿ, ಯಾವ ಆಧಾರ' ಕಾಲಂ ಪಕ್ಕಕ್ಕೆ ತಂದೆ. ಮೂರರಲ್ಲಿ ಎರಡು ಸಾಲು ಮಾಸ್ ಅವರದೇ, 1999ರ ಲೇಖನ ಮತ್ತು 2003ರ ಪುಸ್ತಕ. ಎರಡೂ ಒಂದೇ ಸೀಮೆಯ, ಒಬ್ಬರೇ ಮಾಡಿದ ಕ್ಷೇತ್ರಕಾರ್ಯದ ಮೇಲೆ ನಿಂತಿವೆ. ಸಾಲು ಮೂರು, ಸಾಕ್ಷಿ ಎರಡು! ಇಂಥವನ್ನು ಅಕ್ಕಪಕ್ಕ ತಂದು ಒಂದೇ ಬಣ್ಣ ಬಳಿದೆ, ಎಣಿಸುವಾಗ ಬಣ್ಣ ಎಣಿಸಿದೆ. ಕೆಲವು ಮೂಲಗಳು ಸ್ವಂತ ಕ್ಷೇತ್ರಕಾರ್ಯ ಇಲ್ಲದೆ ಇನ್ನೊಬ್ಬರ ಮಾತನ್ನು ಎತ್ತಿ ಹೇಳಿದ್ದವು. ಅವಕ್ಕೂ ಎತ್ತಿದ ಮೂಲದ ಬಣ್ಣವೇ. ಬಣ್ಣ ಬಳಿದು ಮುಗಿದಾಗ, ಎಲ್ಲರೂ ಒಪ್ಪಿದ್ದಾರೆ ಅಂತ ನಾನು ನಂಬಿದ್ದ ಎರಡು ಕಡೆ ಎಲ್ಲರೂ ಸೇರಿ ಒಬ್ಬರೇ ಆಗಿದ್ದರು.

ಅದೇ ಕಾಲಂ ಇನ್ನೊಂದು ಜಗಳವನ್ನೂ ಬಿಡಿಸಿತು. 'ಸರ್ಕಾರ ಏನು ಮಾಡಿತು' ಎನ್ನುವಲ್ಲಿ ಉತ್ತರಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಜಾಗ ನೋಡಿದರೆ, ಕೆಲವರು ಬರೆದದ್ದು ಮದ್ರಾಸ್ ಪ್ರಾಂತ್ಯದ ಜಮೀನ್ದಾರಿ ಸೀಮೆಯ ಬಗ್ಗೆ, ಕೆಲವರು ಮೈಸೂರು ಸಂಸ್ಥಾನದ ಬಗ್ಗೆ. ಅವರು ಜಗಳವನ್ನೇ ಆಡುತ್ತಿರಲಿಲ್ಲ. ಬೇರೆ ಬೇರೆ ಸರ್ಕಾರದ ಬಗ್ಗೆ ಮಾತಾಡುತ್ತಿದ್ದರು, ಅಷ್ಟೇ.

ಅಳತೆಯ ಕಾಲಂ ಕೂಡ ಹೀಗೇ. ಒಬ್ಬರು ಕೆರೆಯಿಂದ ನೀರು ಪಡೆದ ಜಮೀನಿನ ಸರ್ಕಾರಿ ಅಂಕಿ ಹಿಡಿದರೆ, ಇನ್ನೊಬ್ಬರು ತೂಬು, ಕೋಡಿ, ಏರಿಯ ಸ್ಥಿತಿ ನೋಡಿದ್ದಾರೆ. ಅಚ್ಚುಕಟ್ಟಿನಲ್ಲಿ ಬಾವಿ ತೋಡಿದ ರೈತನ ಜಮೀನು ಅಂಕಿಯಲ್ಲಿ ಬಾವಿ ನೀರಾವರಿಗೆ ಸೇರುತ್ತದೆ, ಆ ಬಾವಿಗೆ ಜಲ ಇಂಗಿದ್ದು ಕೆರೆಯಿಂದಲೇ ಆದರೂ. ಹಾಗಾಗಿ ಅಂಕಿ ಕುಸಿದರೂ ಕೆರೆ ಕೆಲಸ ಮಾಡುತ್ತಿರಬಹುದು. ಬಾವಿಯ ಕಾಲಂ ಬರೆಯುವ ಮೊದಲು ಈ ಕಾಲಂ ಬರೆಯಬೇಕು ಅಂತ ಗೊತ್ತಾದದ್ದು ಇಲ್ಲಿಂದ. ಅಧ್ಯಾಯದ ಕ್ರಮವೇ ಬದಲಾಯಿತು.

ಎರಡನೇ ಡ್ರಾಫ್ಟ್‌ನಲ್ಲಿ ಕಾಲಂಗೊಂದು ಭಾಗ. ಪ್ಯಾರಾದ ಮೊದಲ ವಾಕ್ಯದಲ್ಲಿ ಲೇಖಕರ ಹೆಸರು ಬರಕೂಡದು ಅಂತ ನಿಯಮ. "ಊರೇ ಕೆರೆ ನೋಡಿಕೊಳ್ಳುತ್ತಿತ್ತು ಎಂಬ ಮಾತು ಕ್ಷೇತ್ರಕಾರ್ಯ ಮಾಡಿದವರ ಕೈಯಲ್ಲಿ ನಿಲ್ಲುವುದಿಲ್ಲ" ಅಂತ ಶುರು, ಹೆಸರುಗಳು ಆಮೇಲೆ. ಹಾಗಂತ ಕೋಷ್ಟಕಕ್ಕೆ ಎಲ್ಲ ಬರುವುದಿಲ್ಲ. ಇಷಾ ಶಾ ಅವರ ವಾದ ಹಾಡು, ತಂತ್ರಜ್ಞಾನ, ಅಧಿಕಾರ ಮೂರನ್ನೂ ಹೆಣೆದು ಸಾಗುತ್ತದೆ. ಆರು ಚೌಕಕ್ಕೆ ಕತ್ತರಿಸಿದರೆ ಹೆಣಿಗೆ ಹೋಗುತ್ತದೆ. ಅಂಥ ಎರಡು ಮೂಲಗಳಿಗೆ ಪಕ್ಕದಲ್ಲಿ ಅರ್ಧ ಪುಟದ ಸಾರ ಬೇರೆ ಬರೆದಿಟ್ಟುಕೊಂಡೆ.

ಎಲ್ಲ `?` ಮುಗಿದ ಮೇಲೂ 'ನೀರು ಹಂಚಿದವರು ಯಾರು' ಕಾಲಂ ತುಂಬಾ `-` ಉಳಿಯಿತು. ನೀರುಗಂಟಿಗಳ ಬಗ್ಗೆ ಯಾರೂ ಬರೆದಿಲ್ಲ, ನನಗೆ ಹೊಸ ವಿಷಯ ಸಿಕ್ಕಿತು ಅಂತ ಮೇಡಂ ಹತ್ತಿರ ಓಡಿದೆ. "ನಿನ್ನ 23ರಲ್ಲಿ ಇಲ್ಲ ಅಷ್ಟೇ ಅಲ್ವಾ? ಏನಂತ ಟೈಪ್ ಮಾಡಿ ಹುಡುಕಿದೆ?" ಅಂದರು. ನಾನು ಹುಡುಕಿದ್ದು `neeruganti` ಒಂದೇ. ಅವರು `neerganti`, `nirganti`, ತಮಿಳಿನವರ `neerkatti` ಎಲ್ಲ ಬರೆದುಕೊಟ್ಟರು. ಇನ್ನೂ ನಾಲ್ಕು ಮೂಲ ಸಿಕ್ಕವು. ಕೆಳಗೆ ನಾಲ್ಕು ಸಾಲು ಸೇರಿಸಿದೆ, ಸೂತ್ರದಲ್ಲಿ `D24` ಅನ್ನು `D28` ಮಾಡುವುದು ಮರೆತೆ. ಬಾಕಿ ಸೊನ್ನೆ ಅಂತ ಅದು ಒಂದು ವಾರ ತೋರಿಸುತ್ತಲೇ ಇತ್ತು.