ಬಾಯಿಪಾಠ ಇರೋ ವಚನದಿಂದ ಓದು ಕಲಿಸೋದು: ನನ್ನ ಅನುಭವ

ಕೋಲಾರದ ಕಡೆ ಒಂದು ಹಳ್ಳಿ ಸಭೇಲಿ ಸಂಜೆ ಹೊತ್ತು ದೊಡ್ಡವರಿಗೆ ಓದೋಕೆ ಕಲಿಸ್ತೀನಿ. ಬರೋರೆಲ್ಲ ಹೆಚ್ಚುಕಮ್ಮಿ ಹೆಂಗಸರೇ, ಟೊಮೆಟೊ ತೋಟದ ಕೂಲಿ ಮುಗಿಸಿ ಮುಖ ತೊಳ್ಕೊಂಡು ಬಂದು ಕೂತ್ಕೊತಾರೆ. ಸ್ಕೂಲ್ ಮೆಟ್ಟಿಲು ಹತ್ತದೇ ಇರಬಹುದು, ಆದ್ರೆ ಸತ್ಯವೇದದ ಎಷ್ಟೋ ಭಾಗ ಇವರಿಗೆ ಬಾಯಿಗೆ ಬರುತ್ತೆ, ವರ್ಷಗಟ್ಟಲೆ ಆರಾಧನೇಲಿ ಕೇಳಿ ಕೇಳಿ ಕೂತುಬಿಟ್ಟಿರುತ್ತೆ. ಅದನ್ನೇ ಪಾಠ ಮಾಡ್ಕೊಂಡೆ. ಇಲ್ಲಿ ಬಾಯಿಪಾಠ ಇರೋದು ಎಷ್ಟು ಅನುಕೂಲಾನೋ ಅಷ್ಟೇ ತೊಡಕು, ಆ ತೊಡಕು ಬಿಡಿಸೋದ್ರಲ್ಲೇ ಕಲಿಸೋರ ಕೆಲಸ ಎಲ್ಲಾ ಇದೆ ಅಂತ ನನಗನ್ಸುತ್ತೆ.

ಮೊದಲನೇ ಪಾಠಕ್ಕೆ ನಾನು ತಗೊಳ್ಳೋದು 23ನೇ ಕೀರ್ತನೆಯ ಮೊದಲನೇ ಸಾಲು, ಹಳೇ ಭಾಷಾಂತರದ್ದು: "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಎಲ್ರಿಗೂ ಗೊತ್ತು ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ಏನಂದ್ರೆ ಇದ್ರಲ್ಲಿ ಒಂದೇ ಒಂದು ಒತ್ತಕ್ಷರ ಇಲ್ಲ, ಬೇಕಾದ್ರೆ ನೋಡಿ. ವ್ಯಂಜನ ಹನ್ನೊಂದು ಬರುತ್ತೆ (ಯ ಹ ವ ನ ಗ ಕ ರ ಬ ತ ಪ ಡ), ಕಾಗುಣಿತದಲ್ಲಿ ಕೊಂಬು, ಎತ್ವ, ಒತ್ವ, ಓತ್ವ ಅಷ್ಟೇ. "ನು" ಮೂರು ಸಲ ಬರುತ್ತೆ, ಅದೂ ಪದದ ಕೊನೇಲೇ, ಅದಕ್ಕೆ ಮೊದ್ಲು ಕಣ್ಣಿಗೆ ಸಿಗೋದೂ ಅದೇ.

ಮಾಡೋದು ಹೀಗೆ. ಉದ್ದ ಪೇಪರ್ ಪಟ್ಟಿ ಮೇಲೆ ಸಾಲನ್ನ ಮಾರ್ಕರಲ್ಲಿ ದೊಡ್ಡದಾಗಿ ಬರೀತೀನಿ, ಪದ ಪದದ ಮಧ್ಯೆ ಎರಡು ಬೆರಳು ಜಾಗ ಬಿಟ್ಟು. ಎಲ್ರೂ ಒಟ್ಟಿಗೆ ಹೇಳ್ತಾರೆ, ನಾನು ಪದದ ಕೆಳಗೆ ಕೋಲು ಇಡ್ತಾ ಹೋಗ್ತೀನಿ, ಆಮೇಲೆ ಅವರೇ ಒಬ್ಬೊಬ್ರು ಬಂದು ಬೆರಳಿಟ್ಟು ಹೇಳ್ತಾರೆ. ಇದು ಆದ್ಮೇಲೆ ಅದೇ ತರ ಇನ್ನೊಂದು ಪಟ್ಟಿ ತಗೊಂಡು ಪದಗಳನ್ನ ಕತ್ತರಿಸಿ ಕಲಸಿಬಿಡ್ತೀನಿ, ಅವರು ಮೊದಲನೇ ಪಟ್ಟಿ ನೋಡ್ಕೊಂಡು ಜೋಡಿಸ್ಬೇಕು, ಆಮೇಲೆ ನೋಡದೇ ಜೋಡಿಸ್ಬೇಕು. ಆಮೇಲೆ ಪದಾನೂ ಕತ್ತರಿಸಿ ಕು, ರು, ಬ, ನು ಅಂತ ಅಕ್ಷರ ಬಿಡಿಸ್ತೀವಿ. ಇಲ್ಲೀವರೆಗೂ ಯಾರೂ ಓದೋಕೆ ಕಲಿತಿಲ್ಲ ಅನ್ನೋದನ್ನ ಕಲಿಸೋರು ಮರೀಬಾರದು, ಎಲ್ಲಾ ನೆನಪಿನ ಬಲದ ಮೇಲೇ ನಡೀತಿರುತ್ತೆ.

ಅದು ಹೇಗೆ ಗೊತ್ತಾಗುತ್ತೆ ಅಂದ್ರೆ, ನಮ್ಮ ಕ್ಲಾಸಲ್ಲಿ ಒಬ್ರು ಅಜ್ಜಿ ಇದಾರೆ, ಅವರ ಬಾಯಲ್ಲಿ ಆ ಸಾಲು "ನನ್ನ ಕುರುಬನು" ಅಂತ ಕೂತಿತ್ತು. ಪಟ್ಟಿ ಮೇಲೆ "ನನಗೆ" ಅಂತ ದೊಡ್ಡದಾಗಿ ಇದೆ, ಅಜ್ಜಿ ಅದರ ಮೇಲೇ ಬೆರಳಿಟ್ಟು ಧೈರ್ಯವಾಗಿ "ನನ್ನ" ಅಂತಾರೆ. ನಾನು ತಪ್ಪು ಅನ್ನಲಿಲ್ಲ. "ಅಜ್ಜಿ, ಇದ್ರಲ್ಲಿ ಎಷ್ಟು ಅಕ್ಷರ ಇದೆ ಎಣಿಸಿ" ಅಂದೆ. "ಮೂರು" ಅಂದ್ರು. "ಕೊನೇದು ಯಾವ್ದು?" ಅಂದಾಗ ಸ್ವಲ್ಪ ಹೊತ್ತು ಸುಮ್ನೆ ನೋಡಿ, ಬಿಡಿ ಅಕ್ಷರದ ಚೀಟಿಗಳಲ್ಲಿ "ಗೆ" ಹುಡುಕಿ ಪಕ್ಕಕ್ಕಿಟ್ಟು, "ಅಯ್ಯೋ ಇದು ನನಗೆ ಅಂತಲ್ವೇನಮ್ಮ!" ಅಂದ್ರು. ಅವತ್ತು ಅಜ್ಜಿ ನಿಜವಾಗ್ಲೂ ಓದಿದ ಮೊದಲನೇ ಪದ ಅದು. ಅದಕ್ಕೇ ಬಾಯಿಪಾಠಕ್ಕೂ ಪ್ರಿಂಟಿಗೂ ಒಂಚೂರು ವ್ಯತ್ಯಾಸ ಇರೋ ಜಾಗ ಸಿಕ್ಕಿದ್ರೆ ನಾನು ಬಿಡೋದೇ ಇಲ್ಲ.

ಆದ್ರೆ ಅಂಥ ಜಾಗ ಎಲ್ಲಾ ಕಡೆ ಸಿಗಲ್ಲ, ಅದಕ್ಕೆ ಪ್ರತಿ ಪಾಠದ ಕೊನೇಲಿ ಅವೇ ಅಕ್ಷರಗಳಿಂದ ಯಾರೂ ಎಂದೂ ಕೇಳಿರದ ಸಾಲು ಮಾಡಿ ಓದೋಕೆ ಕೊಡ್ತೀನಿ. ಮೇಲಿನ ಹನ್ನೊಂದು ಅಕ್ಷರದಲ್ಲೇ ಕರು, ಕೆರೆ, ತೆನೆ, ಕೊಡ, ಹೊಗೆ, ನಗು ಎಲ್ಲಾ ಆಗುತ್ತೆ, "ಬಡವನು ಕೆರೆಗೆ ಬರುವನು", "ಗುರು ನನಗೆ ಕೊಡೆ ಕೊಡುವನು" ಅಂತ ಪೂರ್ತಿ ಸಾಲೂ ಆಗುತ್ತೆ, ಹೊಸ ಗುರುತು ಒಂದೂ ಬೇಡ. ಇದನ್ನ ಓದಿದ್ರೆ ಓದು ಬಂತು ಅಂತ ಲೆಕ್ಕ, ವಚನ ಹೇಳಿದ್ರೆ ಅಲ್ಲ. ಒಂದು ಎಚ್ಚರ, ವಚನದ ಪಟ್ಟೀಲೇ ಪದ ಬದಲಾಯಿಸಿ ಆಟ ಆಡಿಸಬೇಡಿ, ದೇವರ ವಾಕ್ಯ ತಿದ್ದಿದ ಹಾಗಾಗಿ ಅವರ ಮನಸ್ಸಿಗೆ ನೋವಾಗುತ್ತೆ. ನಾನು ಅಭ್ಯಾಸದ ಸಾಲುಗಳನ್ನ ಬೇರೆ ಬಣ್ಣದ ಪೇಪರಲ್ಲಿ ಬರೀತೀನಿ.

ಒತ್ತಕ್ಷರಕ್ಕೆ ಯೋಹಾನ 11:35, "ಯೇಸು ಕಣ್ಣೀರು ಬಿಟ್ಟನು." ಮೂರೇ ಪದ. ಇದ್ರಲ್ಲಿ ಬರೋ ಒತ್ತು ಎರಡೂ ಆಯಾ ಅಕ್ಷರಕ್ಕೆ ಅದರದ್ದೇ ಒತ್ತು, ಅದೂ ಣ ಮತ್ತೆ ಟ, ಇವುಗಳ ಒತ್ತು ನೋಡೋಕೆ ಮೇಲಿನ ಅಕ್ಷರದ ಚಿಕ್ಕ ರೂಪದ ಹಾಗೇ ಇರೋದ್ರಿಂದ ಬೇಗ ಗುರುತು ಹಿಡೀತಾರೆ. ಕಣ್ಣು, ಹಣ್ಣು, ಬೆಣ್ಣೆ, ಬೆಟ್ಟ ಎಲ್ಲಾ ಕೂಡ್ಲೇ ಬರುತ್ತೆ. ನ, ತ, ಮ, ಯ, ರ, ಲ ಇವುಗಳ ಒತ್ತು ಅಕ್ಷರದ ಹಾಗೆ ಇರಲ್ಲ, ಅವನ್ನ ಆಮೇಲೆ ಒಂದೊಂದಾಗಿ ತಗೋಬೇಕು. ಎಲ್ಲಕ್ಕಿಂತ ಕೊನೇಲಿ ಅರ್ಕಾವತ್ತು, "ಕರ್ತನು" ಅನ್ನೋದನ್ನ ಎಲ್ರೂ "ಕತ್ರನು" ಅಂತಾನೇ ಓದೋಕೆ ಹೋಗ್ತಾರೆ, ಯಾಕಂದ್ರೆ ಬಾಯಲ್ಲಿ ಮೊದ್ಲು ಬರೋ ರಕಾರ ಬರಹದಲ್ಲಿ ತಕಾರ ಆದ್ಮೇಲೆ ಕೂತಿರುತ್ತೆ. ಇಲ್ಲಿ ಮಾತ್ರ ಬಾಯಿಪಾಠ ನಮ್ಮ ಪರ ಕೆಲಸ ಮಾಡುತ್ತೆ, ದಿನಾ ಪ್ರಾರ್ಥನೇಲಿ "ಕರ್ತನೇ" ಅಂದು ಅಂದು ರೂಢಿ ಇರೋದ್ರಿಂದ ಕಿವೀನೇ ತಿದ್ದುತ್ತೆ.

ಎಲ್ಲಾ ವಚನಾನೂ ಆಗಿಬರಲ್ಲ. ಕರ್ತನ ಪ್ರಾರ್ಥನೆ ಎಲ್ರಿಗೂ ಬರುತ್ತಲ್ಲ ಅಂತ ಶುರುವಲ್ಲೇ ತಗೊಂಡ್ರೆ ಎರಡನೇ ಸಾಲಿಗೇ "ಪರಿಶುದ್ಧವೆಂದು ಎಣಿಸಲ್ಪಡಲಿ" ಬಂದು ನಿಲ್ಲುತ್ತೆ, ಮಹಾಪ್ರಾಣ, ಸೊನ್ನೆ, ಬೇರೆ ಬೇರೆ ಒತ್ತು, ಸಂಧಿ ಎಲ್ಲಾ ಒಂದೇ ಉಸಿರಲ್ಲಿ. ಅದನ್ನ ನಾನು ಕೊನೇ ಹಂತಕ್ಕೆ ಇಟ್ಕೊಂಡಿದೀನಿ. ಅರ್ಥಾನೂ ಕೇಳಲೇಬೇಕು. "ಕೊರತೆಪಡೆನು" ಅನ್ನೋದನ್ನ ಕೆಲವ್ರು ಕೊರತೆ ಪಡ್ತೀನಿ ಅಂತ ತಿಳ್ಕೊಂಡಿರ್ತಾರೆ, ಹಳೇ ಕನ್ನಡದ ರೀತಿ ಅದು, ಕೊರತೆಪಡೋದಿಲ್ಲ ಅಂತ ಅರ್ಥ. ಅರ್ಥ ತಿಳೀದೇ ಅಕ್ಷರ ಕೂಡಿಸಿದ್ರೆ ಅದನ್ನ ಓದು ಅನ್ನೋಕಾಗಲ್ಲ.

ನಮ್ಮ ಕ್ಲಾಸಿಗೆ ಪಕ್ಕದ ಬೀದಿಯಿಂದ ಒಬ್ರು ಲಿಂಗಾಯತರ ಅಕ್ಕ ಬರೋಕೆ ಶುರು ಮಾಡಿದ್ರು. ಅವರ ಕೈಗೆ ಕೀರ್ತನೆ ಕೊಡೋದು ಸರಿಯಲ್ಲ, ಅಕ್ಷರದ ಆಸೆ ತೋರಿಸಿ ಧರ್ಮ ಹೇಳಿದ ಹಾಗಾಗುತ್ತೆ, ಅದೂ ಅಲ್ದೆ ಅವರಿಗೆ ಅದು ಬಾಯಿಪಾಠಾನೂ ಇಲ್ಲ, ಅಲ್ಲಿಗೆ ಈ ವಿಧಾನದ ಬುಡಾನೇ ಇಲ್ಲದ ಹಾಗಾಯ್ತಲ್ಲ. ಅವರಿಗೆ ಬಸವಣ್ಣನವರ "ಕಳಬೇಡ ಕೊಲಬೇಡ" ತಗೊಂಡೆ. "ಬೇಡ" ಅನ್ನೋದು ಅದ್ರಲ್ಲಿ ಏಳು ಸಲ ಬರುತ್ತೆ. ಮೊದಲನೇ ದಿನ ಸಾಲೆಲ್ಲಾ ಹುಡುಕಿ "ಬೇಡ" ಇರೋ ಕಡೆಯೆಲ್ಲಾ ಪೆನ್ಸಿಲಲ್ಲಿ ಸುತ್ತು ಹಾಕಿದ್ರು, ಒಂದೂ ಬಿಡಲಿಲ್ಲ.

ಈಗ ಸ್ವಲ್ಪ ಓದು ಬಂದೋರಿಗೆ ಪುಸ್ತಕ ಕೈಗೆ ಕೊಟ್ಟು ವಚನ ಹುಡುಕೋಕೆ ಹೇಳ್ತೀನಿ. 150 ಕೀರ್ತನೆ ಇರೋದ್ರಿಂದ 117 ಹುಡುಕು ಅಂದ್ರೆ 100 ದಾಟಿದ ಅಂಕಿ, ಹಿಂದೆ ಮುಂದೆ ಹೋಗೋದು ಎಲ್ಲಾ ತಾನಾಗೇ ಬರುತ್ತೆ, ಅದು ಎರಡೇ ವಚನದ ಕೀರ್ತನೆ, ಅವತ್ತೇ ಓದಿ ಮುಗಿಸ್ತಾರೆ. ಇಲ್ಲಿ ಬರೋ ಕಷ್ಟ ಕಣ್ಣಿಂದು. ಪಟ್ಟಿ ಸಲೀಸಾಗಿ ಓದೋರು ಪುಸ್ತಕದಲ್ಲಿ ತಡವರಿಸಿದ್ರೆ, ಪುಸ್ತಕ ದೂರ ಹಿಡ್ಕೊಂಡ್ರೆ, ಅಕ್ಷರ ಮರ್ತುಹೋಯ್ತು ಅಂತ ತಿಳೀಬೇಡಿ, ನಲವತ್ತು ದಾಟಿದೋರಿಗೆ ಹತ್ತಿರದ ಕನ್ನಡಕ ಬೇಕಾಗಿರುತ್ತೆ ಅಷ್ಟೇ. ದೊಡ್ಡಕ್ಷರದ ಸತ್ಯವೇದ ಒಂದು ಕ್ಲಾಸಲ್ಲಿ ಇಟ್ಟಿರಿ. ಮತ್ತೆ ವಚನದಲ್ಲೇ ನಿಲ್ಲಿಸಬೇಡಿ, ಮಾಲೂರು, ಮುಳಬಾಗಿಲು, ಬಂಗಾರಪೇಟೆ ಅಂತ ಬಸ್ ಬೋರ್ಡ್ ಬರ್ದು ಓದಿಸಿ, ರೇಷನ್ ಅಂಗಡಿ ಚೀಟಿ ತರೋಕೆ ಹೇಳಿ, ಸೊನ್ನೆ ಮತ್ತೆ ದೀರ್ಘ ಅಲ್ಲೇ ಗಟ್ಟಿಯಾಗೋದು.